ರಿಫಂಡ್ ಚಾಟ್ ಓದೋದು ಹೇಗೆ: ಯಾರು, ಏನು, ಯಾವ ಷರತ್ತಿಗೆ

(1/3)

ರಿಫಂಡ್ ವಿಷಯಕ್ಕೆ ಜಗಳ ಶುರುವಾದಾಗ ನಾವೆಲ್ಲ ಚಾಟನ್ನ ಕೆಳಗಿಂದ ಓದ್ತೀವಿ. ಕೊನೆಯಲ್ಲಿ ಅವರು "ಆಗಲ್ಲ" ಅಂದಿರ್ತಾರೆ, ಅದನ್ನೇ ಹತ್ತು ಸಲ ನೋಡಿ ಸಿಟ್ಟು ಮಾಡ್ಕೋತೀವಿ. ಚಾಟನ್ನ ಮೇಲಿಂದ ಓದಬೇಕು. ಯಾಕಂದ್ರೆ ಮಾತು ಕೊಟ್ಟಿರೋದು ಮೇಲೆ, ದುಡ್ಡು ಕಟ್ಟೋಕೆ ಮುಂಚೆ.

ಫೋಟೋದಲ್ಲಿರೋದು ನನ್ನ ನೋಟ್‌ಬುಕ್ಕಿನ ಒಂದು ಪುಟ. ಗುಬ್ಬಿಯಲ್ಲಿರೋ ನನ್ನ ಚಿಕ್ಕಪ್ಪನ ಮಗಳು ತುಮಕೂರಿನ ಒಂದು ಕೋಚಿಂಗ್ ಕ್ಲಾಸಿಗೆ 36,000 ರೂಪಾಯಿ ಕಟ್ಟಿದ್ದಳು. ಸಿಎ ಫೌಂಡೇಷನ್ ಬ್ಯಾಚ್. ನಾಲ್ಕು ದಿನ ಹೋಗಿ ಬಿಟ್ಟಳು, ಅವರು ದುಡ್ಡು ವಾಪಸ್ ಇಲ್ಲ ಅಂದ್ರು. "ಅಕ್ಕ, ನೀನು ಬಿಸಿನೆಸ್ ಲಾ ಓದಿದೀಯಲ್ಲ, ನೋಡು" ಅಂತ ಪೂರ್ತಿ ಚಾಟ್ ಎಕ್ಸ್‌ಪೋರ್ಟ್ ಮಾಡಿ ಕಳಿಸಿದಳು. ನಾನು ನಾಲ್ಕು ಕಾಲಂ ಎಳೆದೆ: ತಾರೀಖು, ಯಾರು, ಹೇಳಿದ ಮಾತು ಇದ್ದ ಹಾಗೇ, ಷರತ್ತು.

ಮೊದಲ ಸಾಲು ಮೇ 11ರದ್ದು. ಕೌನ್ಸೆಲರ್ ಬರೆದಿದ್ದು: "ಬ್ಯಾಚ್ ಶುರುವಾಗಿ 7 ದಿನದೊಳಗೆ ಇಷ್ಟ ಆಗ್ಲಿಲ್ಲ ಅಂದ್ರೆ ಫುಲ್ ರಿಫಂಡ್ ಮೇಡಂ, ರಿಜಿಸ್ಟ್ರೇಷನ್ 5,000 ಬಿಟ್ಟು." ಮಾರನೇ ದಿನ ಇವಳು "ಓಕೆ ಸರ್" ಅಂತ ಹಾಕಿ 5,000 ಕಟ್ಟಿದಳು. ಜೂನ್ 3ಕ್ಕೆ ಉಳಿದ 31,000.

ಇಡೀ ಚಾಟಿನ ಜೀವ ಇರೋದು ಈ ಒಂದು ಸಾಲಿನಲ್ಲಿ. ಇದರಲ್ಲಿ ಮೂರು ವಿಷಯ ಇದೆ. ಗಡುವು 7 ದಿನ, ಅದು ಎಣಿಕೆ ಆಗೋದು "ಬ್ಯಾಚ್ ಶುರುವಾಗಿ". ಕಾರಣ "ಇಷ್ಟ ಆಗ್ಲಿಲ್ಲ ಅಂದ್ರೆ", ಅಂದ್ರೆ ಯಾವ ಕಾರಣವಾದ್ರೂ ಸಾಕು. ಮೊತ್ತ, 5,000 ಬಿಟ್ಟು ಮಿಕ್ಕಿದ್ದು. ಅವಳು ಈ ಮೂರಕ್ಕೂ ಸೇರಿಸಿ "ಓಕೆ" ಅಂದಿದ್ದಾಳೆ. ಹಾಗಾಗಿ ಚಿಕ್ಕಪ್ಪ "ಮೂವತ್ತಾರು ಸಾವಿರಾನೂ ಕೇಳು" ಅಂದಾಗ ನಾನು ಬೇಡ ಅಂದೆ. ಅವರ ಮಾತನ್ನ ಹಿಡಿದು ಕೇಳೋರು ಆ ಮಾತಿನ ಅರ್ಧ ಮಾತ್ರ ಹಿಡಿಯೋಕೆ ಆಗಲ್ಲ.

(2/3)

ಈಗ ಕ್ರಿಯಾಪದಗಳನ್ನ ನೋಡಿ. ಕನ್ನಡದಲ್ಲಿ ಭರವಸೆ ಇದೆಯೋ ಇಲ್ವೋ ಅಂತ ವಾಕ್ಯದ ಕೊನೇ ಪದ ಹೇಳಿಬಿಡುತ್ತೆ.

ಜೂನ್ 21ಕ್ಕೆ ಇವಳು ಬರೆದಳು: "ಸರ್, ಸಂಜೆ ಬ್ಯಾಚ್ ಮುಗಿಯೋ ಹೊತ್ತಿಗೆ ನಂಗೆ ಬಸ್ ಸಿಗ್ತಿಲ್ಲ. ಬಿಡ್ತಿದೀನಿ, ರಿಫಂಡ್ ಬೇಕು." ಉತ್ತರ: "ನೋಡೋಣ ಮೇಡಂ, ಮ್ಯಾನೇಜ್‌ಮೆಂಟ್ ಹತ್ರ ಮಾತಾಡ್ತೀನಿ." ಇದರಲ್ಲಿ ದುಡ್ಡಿನ ಭರವಸೆ ಇಲ್ಲ. "ಮಾತಾಡ್ತೀನಿ" ಅನ್ನೋದು ಮಾತಾಡೋ ಭರವಸೆ ಅಷ್ಟೇ. ಆದ್ರೆ ಈ ಸಾಲಿಂದ ಬೇರೆ ಉಪಯೋಗ ಇದೆ: ಅವಳ ಬೇಡಿಕೆ 21ನೇ ತಾರೀಖೇ ಅವರಿಗೆ ತಲುಪಿದೆ ಅನ್ನೋದು ಇದರಿಂದ ಗೊತ್ತಾಗುತ್ತೆ.

ಜೂನ್ 23: "ಬುಕ್ಸ್ ರಿಟರ್ನ್ ಮಾಡಿದ್ರೆ ಪ್ರೋಸೆಸ್ ಮಾಡಿಸ್ತೀನಿ." ಇಲ್ಲಿ ಎರಡು ಕಡೆ ನಿಲ್ಲಬೇಕು. "ಮಾಡಿದ್ರೆ" ಅನ್ನೋದು ಹೊಸ ಷರತ್ತು, ಮೇ 11ರಲ್ಲಿ ಇರಲಿಲ್ಲ. ಇವಳು 25ಕ್ಕೆ ಪುಸ್ತಕ ಕೊಟ್ಟು ಫೋಟೋ ಹಾಕಿದಳು, ಅವರು "ರಿಸೀವ್ಡ್" ಅಂದ್ರು. ಹೊಸದಾದ್ರೂ ಅದೂ ತೀರಿತು. ಇನ್ನು "ಮಾಡ್ತೀವಿ" ಅಲ್ಲ, "ಮಾಡಿಸ್ತೀನಿ". ಅಂದ್ರೆ ಬೇರೆ ಯಾರೋ ಮಾಡಬೇಕು, ಇವರು ಹಿಂದೆ ಬೀಳ್ತಾರೆ. ಇದನ್ನ ಸಂಸ್ಥೆಯ ಒಪ್ಪಿಗೆ ಅಂತ ಬರ್ಕೊಂಡ್ರೆ ನಾವು ನಮಗೇ ಮೋಸ ಮಾಡ್ಕೊಂಡ ಹಾಗೆ. ಅದಕ್ಕೇ ನಾನು ಬಲ ಹಾಕಿದ್ದು ಮೇ 11ರ ಸಾಲಿನ ಮೇಲೆ, ಇದರ ಮೇಲಲ್ಲ.

ಅದೇ ದಿನ ಆರು ನಿಮಿಷದ ಕಾಲ್ ಕೂಡ ಇತ್ತು. "ಪಕ್ಕಾ ಆಗುತ್ತೆ ಅಂದ್ರು ಅಕ್ಕ" ಅಂತ ಇವಳು ಹೇಳ್ತಾಳೆ. ಇರಬಹುದು. ಆದ್ರೆ ಚಾಟಲ್ಲಿ ಕಾಣೋದು ಕಾಲ್ ಬಂದಿದ್ದು ಮಾತ್ರ, ಮಾತಲ್ಲ. ಆ ಸಾಲಿನ ಮೂರನೇ ಕಾಲಂ ಖಾಲಿ ಬಿಟ್ಟೆ. ಕಾಲ್ ಮುಗಿದ ತಕ್ಷಣ "ಸರ್, ನೀವು ಈಗ ಹೇಳಿದ ಹಾಗೆ..." ಅಂತ ಒಂದು ಮೆಸೇಜ್ ಹಾಕಿದ್ರೆ ಆ ಕಾಲಂ ತುಂಬುತ್ತೆ.

ಜುಲೈ 4ಕ್ಕೆ ಇನ್ನೊಂದು ನಂಬರ್, ಅಕೌಂಟ್ಸಿಂದ: "ಅಡ್ಮಿಷನ್ ಜೂನ್ 3. 7 ದಿನ ಮುಗಿದಿದೆ. ಬೇಕಾದ್ರೆ ಮುಂದಿನ ಬ್ಯಾಚ್‌ಗೆ ಅಡ್ಜಸ್ಟ್ ಮಾಡ್ಕೊಡ್ತೀವಿ." ಇವಳ ಉತ್ತರ: "ಸರಿ ಸರ್, ಮನೇಲಿ ಕೇಳಿ ಹೇಳ್ತೀನಿ." ಚಿಕ್ಕಪ್ಪ ಇಲ್ಲೇ ಹೆದರಿದ್ದು, "ಸರಿ ಅಂದ್ಬಿಟ್ಟಿದಾಳಲ್ಲ!" ಅಂತ. ನಮ್ಮ ಕಡೆ "ಸರಿ" ಅನ್ನೋದು ಎಷ್ಟೋ ಸಲ "ಕೇಳಿಸ್ಕೊಂಡೆ" ಅಂತ ಅಷ್ಟೇ. ಭಾರತೀಯ ಕರಾರು ಕಾಯ್ದೆ 1872ರ ಸೆಕ್ಷನ್ 7 ಪ್ರಕಾರ ಒಪ್ಪಿಗೆ ಪೂರ್ಣವಾಗಿರಬೇಕು, ಷರತ್ತಿಲ್ಲದೆ ಇರಬೇಕು. "ಕೇಳಿ ಹೇಳ್ತೀನಿ" ಅಂತ ಬಾಲ ಇರೋ "ಸರಿ" ಅಂಥ ಒಪ್ಪಿಗೆ ಅಲ್ಲ. ಆದ್ರೆ ಅದನ್ನ ಹಾಗೇ ನೇತಾಡೋಕೆ ಬಿಡಬಾರದು. ಅವತ್ತೇ "ಅಡ್ಜಸ್ಟ್‌ಮೆಂಟ್ ಬೇಡ ಸರ್, ರಿಫಂಡೇ ಬೇಕು" ಅಂತ ಬರೆಸಿದೆ.

(3/3)

ಈಗ ದಿನ ಎಣಿಸೋಣ. ಬ್ಯಾಚ್ ಜೂನ್ 10ಕ್ಕೆ ಅಂತ ಇತ್ತು. 9ನೇ ತಾರೀಖು ಗ್ರೂಪಲ್ಲಿ "17ಕ್ಕೆ ಶುರು" ಅಂತ ಅವರೇ ಹಾಕಿದ್ರು. 17ರಿಂದ ಲೆಕ್ಕ ಹಾಕಿದ್ರೆ 21 ಅನ್ನೋದು 7 ದಿನದ ಒಳಗೇ ಇದೆ. ಅವರು ಹೇಳೋ ಹಾಗೆ ಜೂನ್ 3ರಿಂದ ಎಣಿಸಿದ್ರೆ 10ಕ್ಕೇ ಗಡುವು ಮುಗೀತು, ಅಂದ್ರೆ ಮೊದಲ ಕ್ಲಾಸಿಗಿಂತ ಒಂದು ವಾರ ಮುಂಚೆ. ಕ್ಲಾಸೇ ನೋಡದೆ ಇಷ್ಟ ಆಯ್ತೋ ಇಲ್ವೋ ಹೇಳೋದು ಹೇಗೆ? ಅವರ ಎಣಿಕೆ ನಿಲ್ಲಲ್ಲ ಅನ್ನೋದಕ್ಕೆ ಅವರದೇ ಮೆಸೇಜ್ ಸಾಕ್ಷಿ.

ಅವರ ಹತ್ರ ಇನ್ನೂ ಎರಡು ಮಾತಿತ್ತು. ಒಂದು, ರಸೀದಿ ಕೆಳಗೆ ಸಣ್ಣ ಅಕ್ಷರದಲ್ಲಿ "ಕಟ್ಟಿದ ಶುಲ್ಕ ಮರಳಿಸುವುದಿಲ್ಲ" ಅಂತ ಇದೆ ಅನ್ನೋದು. ಆ ರಸೀದಿ ಬಂದಿದ್ದು ಪೂರ್ತಿ ದುಡ್ಡು ಕಟ್ಟಿದ ಮೇಲೆ. ಮೊದಲೇ ಕೊಟ್ಟ ಮಾತನ್ನ ಆಮೇಲೆ ಒಬ್ಬರೇ ಬದಲಾಯಿಸೋಕೆ ಆಗಲ್ಲ. ನೀವು ಇದನ್ನ ಹೋಲಿಸುವಾಗ ತಾರೀಖು ನೋಡಿ: ಆ ಸಾಲು ದುಡ್ಡು ಕಟ್ಟೋಕೆ ಮುಂಚೆ ನೀವು ಸಹಿ ಮಾಡಿದ ಅಡ್ಮಿಷನ್ ಫಾರಂನಲ್ಲಿ ಇದ್ದಿದ್ರೆ ಕಥೆ ಕಷ್ಟ ಆಗ್ತಿತ್ತು. ಇವಳ ಫಾರಂನಲ್ಲಿ ಇರಲಿಲ್ಲ.

ಇನ್ನೊಂದು, "ಕೌನ್ಸೆಲರ್‌ಗೆ ಆ ಅಧಿಕಾರ ಇಲ್ಲ" ಅನ್ನೋದು. ಆದ್ರೆ ಆ ನಂಬರ್ ಸಂಸ್ಥೆಯ ಪಾಂಪ್ಲೆಟ್‌ನಲ್ಲೇ ಅಚ್ಚಾಗಿದೆ, ಅವರು ಕಳಿಸಿದ ಕ್ಯೂಆರ್‌ಗೆ ಕಟ್ಟಿದ ದುಡ್ಡು ಸಂಸ್ಥೆಯ ಖಾತೆಗೇ ಹೋಗಿದೆ. ಏಜೆಂಟ್‌ಗೆ ಅಧಿಕಾರ ಇದೆ ಅಂತ ಹೊರಗಿನವರು ನಂಬೋ ಹಾಗೆ ಮಾಲೀಕರೇ ನಡ್ಕೊಂಡಿದ್ರೆ ಆ ಮಾತು ಅವರನ್ನ ಕಟ್ಟಿಹಾಕುತ್ತೆ. ಅದು ಅದೇ ಕಾಯ್ದೆಯ ಸೆಕ್ಷನ್ 237.

ಜುಲೈ 6ಕ್ಕೆ ನಾಲ್ಕೇ ಸಾಲು ಕಳಿಸಿದ್ವಿ. ಮೇ 11ರ ಸ್ಕ್ರೀನ್‌ಶಾಟ್, 17ಕ್ಕೆ ಶುರು ಅನ್ನೋ ಮೆಸೇಜ್, 21ರ ಬೇಡಿಕೆ, ಪುಸ್ತಕ ಕೊಟ್ಟ ಫೋಟೋ. ಕೊನೆಗೆ: "ಈ ಲೆಕ್ಕದಲ್ಲಿ 31,000 ಬರಬೇಕು. ಯಾವ ತಾರೀಖಿಗೆ ಹಾಕ್ತೀರಿ ಅಂತ ಇಲ್ಲೇ ಬರೆದು ತಿಳಿಸಿ." ಬೈಗುಳ ಇಲ್ಲ, ಬೆದರಿಕೆ ಇಲ್ಲ. ಒಪ್ಪದೇ ಇದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಇದೇ ನಾಲ್ಕು ದಾಖಲೆ ಕೊಡೋದು ಅಂತ ಇಟ್ಕೊಂಡಿದ್ವಿ. ಮೂಲ ಚಾಟನ್ನ ಅವಳ ಫೋನಲ್ಲೇ ಉಳಿಸೋಕೆ ಹೇಳಿದ್ದೆ. ಸ್ಕ್ರೀನ್‌ಶಾಟ್ ಮಾತ್ರ ಇದ್ರೆ "ಇದು ನಿಜಾನಾ?" ಅಂತ ಯಾರಾದ್ರೂ ಕೇಳಬಹುದು.

ಎರಡು ದಿನ ಬಿಟ್ಟು "ಬ್ಯಾಂಕ್ ಡೀಟೇಲ್ಸ್ ಕಳಿಸಿ" ಅಂತ ಬಂತು. ಚಿಕ್ಕಪ್ಪ ಖುಷಿಯಾದ್ರು. ನಾನು ಕಾಲಂ ತೋರಿಸಿದೆ: ಇದರಲ್ಲಿ ಮೊತ್ತ ಇಲ್ಲ, ತಾರೀಖೂ ಇಲ್ಲ. ಡೀಟೇಲ್ಸ್ ಜೊತೆಗೆ ಎರಡನ್ನೂ ಮತ್ತೆ ಕೇಳಿದಳು. "31,000, ಜುಲೈ 20ರ ಒಳಗೆ ಹಾಕ್ತೀವಿ" ಅಂತ ಬಂತು. ಈ ಸಲ "ಹಾಕ್ತೀವಿ", "ಹಾಕಿಸ್ತೀನಿ" ಅಲ್ಲ.

18ಕ್ಕೆ ದುಡ್ಡು ಬಂತು. ಆ 5,000 ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.