ತಿದ್ದಿದ ಕಾಲಂ

ಟಿಲ್‌ಬರ್ಗ್ ಒಂದು ಕಾಲಕ್ಕೆ ಉಣ್ಣೆಯ ಊರು. ಈಗ ಗಿರಣಿಗಳಿಲ್ಲ, ಅವುಗಳ ನೆನಪಿಗೆ ಹಳೆಯ ಗಿರಣಿಯೊಂದರಲ್ಲಿ ಜವಳಿ ವಸ್ತುಸಂಗ್ರಹಾಲಯವಿದೆ. ಈಗ ಊರಿನ ಅಂಚಿನಲ್ಲಿ ಉದ್ದಕ್ಕೂ ಕಾಣುವುದು ಗೋದಾಮುಗಳು. ರಾಟರ್‌ಡ್ಯಾಮ್ ಬಂದರಿಗೆ ಬಂದ ಕಂಟೇನರುಗಳು ಲಾರಿ, ರೈಲು, ಕಾಲುವೆಯ ದೋಣಿಗಳಲ್ಲಿ ಇಲ್ಲಿಗೆ ಬರುತ್ತವೆ. ಆ ಗೋದಾಮುಗಳ ಮಾಲೀಕರ ಲೆಕ್ಕ ನೋಡುವುದು ನನ್ನ ಉದ್ಯೋಗ. ಕನ್ನಡ ಬಳಗದ ಊಟಗಳಲ್ಲಿ ಸಾಫ್ಟ್‌ವೇರಿನವರ ನಡುವೆ ಕೂತಾಗ "ಮುಗಿದುಹೋದ ವರ್ಷದ ಲೆಕ್ಕದಲ್ಲಿ ನೋಡುವುದೇನಿರುತ್ತದೆ?" ಎಂದು ಯಾರಾದರೂ ಕೇಳುತ್ತಾರೆ. ಮುಗಿದ ವರ್ಷ ಕೆಲವೊಮ್ಮೆ ಮುಗಿದಿರುವುದಿಲ್ಲ ಎನ್ನುವುದೇ ಈ ಬರಹ.

ನಮ್ಮ ಕಡೆಯ ಅಂಗಡಿಗಳಲ್ಲಿ ಕಿರ್ದಿ ಬರೆಯುವ ಗುಮಾಸ್ತರಿಗೆ ಒಂದು ಶಿಸ್ತಿತ್ತು. ಅಂಕಿ ತಪ್ಪಾದರೆ ಕೆರೆದು ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ತಪ್ಪು ಅಂಕಿ ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು ಸಹಿ ಹಾಕಬೇಕು. ಇಂದಿನ ಲೆಕ್ಕಪತ್ರದ ಮಾನದಂಡಗಳು ಹಳೆಯ ವರ್ಷದ ತಪ್ಪಿನ ಬಗ್ಗೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಆದರೆ ಅದನ್ನು ಪಾಲಿಸುವಂತೆ ಮಾಡುವುದು ಸುಲಭವಲ್ಲ.

ನಾನು ಕಂಡ ಎರಡು ಮೂರು ಪ್ರಕರಣಗಳನ್ನು ಸೇರಿಸಿ, ಅಂಕಿಗಳನ್ನು ಬದಲಿಸಿ, ಒಂದಾಗಿ ಹೇಳುತ್ತೇನೆ. ಗುಟ್ಟು ಕಾಯುವುದು ನಮ್ಮ ವೃತ್ತಿಯ ನಿಯಮ.

ಇಬ್ಬರು ಅಣ್ಣತಮ್ಮಂದಿರ ಕಂಪನಿ. ಏಷ್ಯಾದಿಂದ ತೋಟದ ಪೀಠೋಪಕರಣ ತರಿಸಿ ಯುರೋಪಿನ ಅಂಗಡಿಗಳಿಗೆ ಮಾರುತ್ತಾರೆ. 2022ರ ಲೆಕ್ಕ ತೋರಿಸಿದ ಲಾಭ 9 ಲಕ್ಷ ಯೂರೊ. ಆ ಲೆಕ್ಕವನ್ನು ಬೇರೊಂದು ಕಚೇರಿ ಪರಿಶೋಧಿಸಿತ್ತು. ನಾವು ಹೊಸದಾಗಿ ಹೋದದ್ದು 2023ರ ಲೆಕ್ಕಕ್ಕೆ. ಅವರು ಕೊಟ್ಟ ಕರಡಿನಲ್ಲಿ ಲಾಭ 3 ಲಕ್ಷಕ್ಕೆ ಇಳಿದಿತ್ತು. ಮಾರಾಟ ಇಳಿದಿಲ್ಲ, ಬೆಲೆ ಇಳಿದಿಲ್ಲ. ಲಾಭ ಮಾತ್ರ ಮೂರರಲ್ಲೊಂದು ಪಾಲಾಗಿದೆ. ಇಂಥ ಕಡೆ ಲೆಕ್ಕಿಗನ ಮೂಗು ಚುರುಕಾಗುತ್ತದೆ.

2023ರ ಜನವರಿಯಲ್ಲಿ ಖರೀದಿಯ ಖರ್ಚು ವಿಪರೀತವಾಗಿತ್ತು. ಒಂದೊಂದೇ ಬಿಲ್ಲು ತೆಗೆದು, ಅದರ ಜೊತೆಗಿದ್ದ ಹಡಗಿನ ರಸೀದಿ, ಅಂದರೆ ಬಿಲ್ ಆಫ್ ಲೇಡಿಂಗ್, ನೋಡಿದೆವು. 4 ಲಕ್ಷ ಯೂರೊ ಬೆಲೆಯ ಸರಕು 2022ರ ಡಿಸೆಂಬರಿನಲ್ಲೇ ಹಡಗೇರಿತ್ತು. ಒಪ್ಪಂದದ ಪ್ರಕಾರ ಸರಕು ಹಡಗೇರಿದ ಕ್ಷಣದಿಂದ ಅದು ಇವರದು, ಅದರ ಸಾಲವೂ ಇವರದು. ಇವರ ತಂತ್ರಾಂಶ ಹಡಗೇರಿದ ಸೂಚನೆ ಬಂದ ಕೂಡಲೇ ಸರಕನ್ನು ದಾಸ್ತಾನಿಗೆ ಸೇರಿಸುತ್ತಿತ್ತು. ಬಿಲ್ಲನ್ನು ಮಾತ್ರ ಕಾಗದ ಕೈಗೆ ಬಂದ ಮೇಲೆ ಬರೆಯುತ್ತಿದ್ದರು. ಹೀಗಾಗಿ 2022ರ ಕೊನೆಯ ದಿನ ಸರಕು ಲೆಕ್ಕದಲ್ಲಿತ್ತು, ಅದರ ಬಾಕಿ ಇರಲಿಲ್ಲ. ಪುಕ್ಕಟೆ ಸರಕು ಬಂದಂತೆ ಆ ವರ್ಷದ ಲಾಭ 4 ಲಕ್ಷ ಉಬ್ಬಿತು. ಮುಂದಿನ ವರ್ಷ ಅಷ್ಟೇ ಕುಗ್ಗಿತು.

ಕಂಪನಿ ನಡೆಸುತ್ತಿದ್ದ ತಮ್ಮ ಸಮಾಧಾನದಿಂದಲೇ ಕೇಳಿದ: "ಎರಡೂ ವರ್ಷ ಕೂಡಿಸಿ ನೋಡಿ. ಒಂಬತ್ತು ಮತ್ತು ಮೂರು, ಹನ್ನೆರಡು. ನೀವು ತಿದ್ದಿದರೆ ಐದು ಮತ್ತು ಏಳು, ಅದೂ ಹನ್ನೆರಡೇ. ತಾನಾಗಿ ಸರಿಹೋದದ್ದನ್ನು ಯಾಕೆ ಕೆದಕಬೇಕು?"

ಒಳ್ಳೆಯ ಪ್ರಶ್ನೆ. ಆದರೆ ಐದು ಮತ್ತು ಏಳು ಎಂಬ ಉತ್ತರವನ್ನು ಒಪ್ಪುವ ಮೊದಲು ಇನ್ನೊಂದು ಕೆಲಸ ಬಾಕಿಯಿತ್ತು. 2022ರ ಕೊನೆಯಲ್ಲಿ ಹೀಗಾಗಿದ್ದರೆ 2021ರ ಕೊನೆಯಲ್ಲಿ ಆಗಿರಲಿಲ್ಲವೇ? ತಪ್ಪು ಒಬ್ಬರ ಕೈಜಾರುವಿಕೆಯಲ್ಲ, ಒಂದು ಪದ್ಧತಿ. ಪದ್ಧತಿಗೆ ವರ್ಷದ ಹಂಗಿಲ್ಲ. ತಪ್ಪು ಸಿಕ್ಕಿತೆಂಬ ಖುಷಿಯಲ್ಲಿ ಅದರ ಬೇರು ಎಷ್ಟು ಹಿಂದಿದೆ ಎಂದು ನೋಡದೆ ಬಿಡುವುದು ಈ ಕೆಲಸದ ದೊಡ್ಡ ಅಪಾಯ. 2022ರ ಜನವರಿಯ ಬಿಲ್ಲುಗಳನ್ನೂ ಹಾಗೇ ಜೋಡಿಸಿದಾಗ ಅಲ್ಲೂ 1 ಲಕ್ಷ ಸಿಕ್ಕಿತು. ಅದು 2021ಕ್ಕೆ ಸೇರಬೇಕಾದ ಖರ್ಚು, 2022 ಅದನ್ನು ಸುಮ್ಮನೆ ಹೊತ್ತಿತ್ತು. 2020ರ ಕೊನೆಯಲ್ಲಿ ಏನೂ ಇರಲಿಲ್ಲ. ಆ ತಂತ್ರಾಂಶ ಬಂದದ್ದೇ 2021ರಲ್ಲಿ. 2023ರ ಕೊನೆಯೂ ಸರಿಯಿತ್ತು, ಹೊಸ ಗುಮಾಸ್ತೆ ಬಿಲ್ಲುಗಳನ್ನು ಆಯಾ ತಿಂಗಳಿಗೇ ಬರೆದಿದ್ದಳು.

ಈಗ ಲೆಕ್ಕ ಬೇರೆ. 2022ರ 9 ಲಕ್ಷದಿಂದ 4 ಕಳೆದು 1 ಕೂಡಿಸಿದರೆ ನಿಜವಾದ ಲಾಭ 6 ಲಕ್ಷ. 2023ರ 3 ಲಕ್ಷಕ್ಕೆ 4 ಕೂಡಿಸಿದರೆ 7 ಲಕ್ಷ. ಉಳಿದ 1 ಲಕ್ಷದ ನಷ್ಟ ಹೋಗಿ ಕೂರುವುದು 2022ರ ಜನವರಿ 1ರಂದು ಇದ್ದ ಸಂಚಿತ ಲಾಭದ ಮೇಲೆ, ಏಕೆಂದರೆ ಅದು 2021ರದು. ಎರಡು ವರ್ಷದ ಮೊತ್ತ ಹನ್ನೆರಡಲ್ಲ, ಹದಿಮೂರು. ಅದಕ್ಕಿಂತ ಮುಖ್ಯವಾಗಿ, ಮುಳುಗುತ್ತಿರುವಂತೆ ಕಾಣುತ್ತಿದ್ದ ಕಂಪನಿ ನಿಜಕ್ಕೂ ನಿಧಾನವಾಗಿ ಏರುತ್ತಿತ್ತು.

ಊರಿನಲ್ಲಿ ನಾನು ವೃತ್ತಿ ಕಲಿತಾಗ ಇದಕ್ಕೆ ಬೇರೆ ದಾರಿಯಿತ್ತು. ಭಾರತದ ಹಳೆಯ ಮಾನದಂಡ ಎಎಸ್ 5ರ ಪ್ರಕಾರ ಇಂಥ ತಪ್ಪನ್ನು 'ಹಿಂದಿನ ಅವಧಿಯ ಬಾಬ್ತು' ಎಂದು ಈ ವರ್ಷದ ಲಾಭನಷ್ಟದಲ್ಲೇ ಪ್ರತ್ಯೇಕ ಸಾಲಾಗಿ ತೋರಿಸಿದರೆ ಸಾಕು. ಹಳೆಯ ವರ್ಷದ ಕಾಲಂ ಮುಟ್ಟುವಂತಿಲ್ಲ. 2016ರಿಂದ ದೊಡ್ಡ ಕಂಪನಿಗಳಿಗೆ ಇಂಡ್ ಎಎಸ್ 8 ಬಂದ ಮೇಲೆ ಅಲ್ಲೂ ಹಳೆಯ ಕಾಲಮ್ಮನ್ನೇ ತಿದ್ದಬೇಕಾಯಿತು. ಅಂತರರಾಷ್ಟ್ರೀಯ ಐಎಎಸ್ 8 ಹೇಳುವುದೂ, ಡಚ್ಚರ ನಿಯಮ 150 ಹೇಳುವುದೂ ಅದನ್ನೇ: ತಪ್ಪು ಗಣನೀಯವಾಗಿದ್ದರೆ ಅದು ಆಗಲೇ ಇಲ್ಲವೇನೋ ಎಂಬಂತೆ ಹಿಂದಿನ ವರ್ಷದ ಅಂಕಿಗಳನ್ನು ಹೊಸದಾಗಿ ಬರೆಯಬೇಕು, ಹಾಗೆ ಬರೆದೆವು ಎಂದು ಹೇಳಬೇಕು.

ತಮ್ಮನ ಸಲಹೆಗಾರ ಎರಡು ಅಡ್ಡದಾರಿ ಹುಡುಕಿದ. ಮೊದಲನೆಯದು, ಇದು ತಪ್ಪಲ್ಲ, 'ಅಂದಾಜಿನ ಬದಲಾವಣೆ' ಎನ್ನುವುದು. ಅಂದಾಜು ಬದಲಾದರೆ ಹಿಂದಿನದನ್ನು ತಿದ್ದಬೇಕಿಲ್ಲ, ಮುಂದಕ್ಕೆ ಸರಿಪಡಿಸಿಕೊಂಡು ಹೋದರೆ ಆಯಿತು. ಎರಡನ್ನೂ ಬೇರ್ಪಡಿಸಲು ಒಂದೇ ಪ್ರಶ್ನೆ ಸಾಕು: ಆ ಲೆಕ್ಕಕ್ಕೆ ಸಹಿ ಬಿದ್ದ ದಿನ ಈ ಸಂಗತಿ ಗೊತ್ತಾಗುವಂತಿತ್ತೇ? ಮಾರಾಟವಾಗದ ಕುರ್ಚಿಗಳು ಮುಂದೆ ಎಷ್ಟಕ್ಕೆ ಹೋದಾವು ಎಂಬುದು ಅಂದಾಜು. ಆಮೇಲೆ ಅದು ಸುಳ್ಳಾದರೆ ಯಾರ ತಪ್ಪೂ ಅಲ್ಲ. ಹಡಗಿನ ರಸೀದಿಯ ಮೇಲಿನ ತಾರೀಖು ಅಂದಾಜಲ್ಲ. ಲೆಕ್ಕಕ್ಕೆ ಸಹಿ ಬಿದ್ದಾಗ ಅದು ಕಂಪನಿಯ ಕಡತದಲ್ಲೇ ಇತ್ತು.

ಎರಡನೆಯ ದಾರಿ ಇನ್ನೂ ನಯವಾದದ್ದು. ಅಂಕಿ ತಿದ್ದಲು ಒಪ್ಪಿ, ಟಿಪ್ಪಣಿಯಲ್ಲಿ ಒಂದೇ ವಾಕ್ಯ ಬರೆದು ಕಳಿಸಿದರು: 'ಹೋಲಿಕೆಗೆ ಅನುಕೂಲವಾಗಲೆಂದು ಹಿಂದಿನ ವರ್ಷದ ಅಂಕಿಗಳನ್ನು ಅಗತ್ಯವಿದ್ದಲ್ಲಿ ಹೊಂದಿಸಲಾಗಿದೆ.' ಡಚ್ ಲೆಕ್ಕಪತ್ರಗಳಲ್ಲಿ ಇಂಥ ವಾಕ್ಯ ಸಾಮಾನ್ಯ. ಒಂದು ಖರ್ಚನ್ನು ಈ ಸಾಲಿನಿಂದ ಆ ಸಾಲಿಗೆ ಸರಿಸಿದಾಗ, ಲಾಭ ಬದಲಾಗದಿರುವಾಗ ಹಾಕುವ ವಾಕ್ಯ ಅದು. ಇಲ್ಲಿ ಅದನ್ನು ಹಾಕಿದರೆ ಪ್ರತಿಯೊಂದು ಅಂಕಿಯೂ ಸರಿ, ಆದರೆ ಓದುವವನಿಗೆ ಏನಾಯಿತೆಂಬುದೇ ಗೊತ್ತಾಗುವುದಿಲ್ಲ. ಸರಿಯಾದ ಅಂಕಿ, ಮುಚ್ಚಿಟ್ಟ ಸತ್ಯ. ಹಿಂದಿನ ವರ್ಷದ ಅಂಕಿ ಸರಿಯಾಗಿ ಬದಲಾಗಿದೆಯೇ ಎಂಬುದು ಪರಿಶೋಧಕ ನೋಡುವುದರಲ್ಲಿ ಅರ್ಧ ಮಾತ್ರ. ಬದಲಾದದ್ದು ಯಾಕೆ ಎಂದು ಓದುಗನಿಗೆ ತಿಳಿಯುತ್ತದೆಯೇ ಎಂಬುದು ಇನ್ನರ್ಧ.

ಈ ಅರ್ಧಕ್ಕೆ ಎಷ್ಟು ಬೆಲೆಯಿದೆ ಎಂದು ಈ ದೇಶ ಕಲಿತದ್ದು 2003ರಲ್ಲಿ. ಇಲ್ಲಿ ಹಾಲು ತರಕಾರಿಗೆ ನಾವೆಲ್ಲ ಹೋಗುವ ಆಲ್ಬರ್ಟ್ ಹೈನ್ ಅಂಗಡಿಗಳ ಮಾತೃಸಂಸ್ಥೆ ಅಹೋಲ್ಡ್, ಆ ವರ್ಷದ ಫೆಬ್ರುವರಿ 24ರಂದು ತನ್ನ ಹಳೆಯ ಲೆಕ್ಕಗಳನ್ನು ತಿದ್ದಬೇಕಾಗಿದೆ ಎಂದು ಪ್ರಕಟಿಸಿತು. ಅಮೆರಿಕದ ಅಂಗಸಂಸ್ಥೆಯೊಂದರಲ್ಲಿ ಸರಬರಾಜುದಾರರಿಂದ ಬರುವ ರಿಯಾಯಿತಿಯ ಹಣವನ್ನು ಉಬ್ಬಿಸಿ ತೋರಿಸಲಾಗಿತ್ತು. ಜೊತೆಗೆ ಸ್ವೀಡನ್ನಿನ ಐಸಿಎ ಮುಂತಾದ ಪಾಲುದಾರಿಕೆಯ ಕಂಪನಿಗಳ ಇಡೀ ಮಾರಾಟವನ್ನು ತನ್ನದೆಂದು ತೋರಿಸಿತ್ತು. ಅಹೋಲ್ಡ್‌ಗೆ ಹಿಡಿತವಿದೆ ಎನ್ನುವ ಪತ್ರವನ್ನು ಪರಿಶೋಧಕರಿಗೆ ಕೊಟ್ಟು, ಆ ಪತ್ರವನ್ನು ರದ್ದು ಮಾಡುವ ಇನ್ನೊಂದು ಪತ್ರವನ್ನು ಬಚ್ಚಿಡಲಾಗಿತ್ತು. ಅಮೆರಿಕದ ಷೇರು ನಿಯಂತ್ರಕರ ಲೆಕ್ಕದಲ್ಲಿ 2000ದಿಂದ 2002ರವರೆಗೆ ಮಾರಾಟವನ್ನು ಸುಮಾರು 3,300 ಕೋಟಿ ಯೂರೊ, ನಿವ್ವಳ ಲಾಭವನ್ನು ಸುಮಾರು 90 ಕೋಟಿ ಯೂರೊ ಹೆಚ್ಚು ತೋರಿಸಲಾಗಿತ್ತು. ಎರಡು ಅಂಕಿಗಳ ನಡುವಿನ ಅಂತರ ನೋಡಿ. ಪಾಲುದಾರರ ಭಾಗವನ್ನು ಕೊನೆಯಲ್ಲಿ ಹೇಗೂ ಕಳೆಯುವುದರಿಂದ ಪಾಲುದಾರಿಕೆಯ ತಪ್ಪು ನಿವ್ವಳ ಲಾಭವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಕಂಪನಿಯ ಗಾತ್ರವನ್ನೇ ಸುಳ್ಳಾಗಿಸುತ್ತದೆ. ಕೊನೆಯ ಸಾಲನ್ನು ಮಾತ್ರ ನೋಡಿ 'ತಪ್ಪು ಚಿಕ್ಕದು' ಎನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ.

ನಮ್ಮ ಅಣ್ಣತಮ್ಮಂದಿರ ತಪ್ಪಿನಲ್ಲಿ ವಂಚನೆಯ ಸುಳಿವು ನಮಗೆ ಸಿಗಲಿಲ್ಲ. ಆದರೆ ತಮ್ಮ ತಾನೇ ನೆನಪಿಸಿಕೊಳ್ಳದ ಒಂದು ಸಂಗತಿ ನಡಾವಳಿ ಪುಸ್ತಕದಲ್ಲಿತ್ತು. 2023ರಲ್ಲಿ ಅಣ್ಣ ನಿವೃತ್ತನಾಗಿ ತನ್ನ ಶೇಕಡಾ 40 ಪಾಲನ್ನು ತಮ್ಮನಿಗೆ ಮಾರಿದ್ದ. ಬೆಲೆ ಕಟ್ಟಿದ್ದು 2022ರ ಲಾಭದ ಐದು ಪಟ್ಟಿನ ಮೇಲೆ. 9 ಲಕ್ಷದ ಲೆಕ್ಕದಲ್ಲಿ ಅಣ್ಣನಿಗೆ ಸಂದದ್ದು 18 ಲಕ್ಷ. 6 ಲಕ್ಷದ ಲೆಕ್ಕದಲ್ಲಾದರೆ 12 ಲಕ್ಷ. ತಾನಾಗಿ ಸರಿಹೋಗಿದೆ ಎಂದು ವಾದಿಸುತ್ತಿದ್ದವನೇ 6 ಲಕ್ಷ ಹೆಚ್ಚು ತೆತ್ತಿದ್ದ. ಅದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಆತ ಬಹಳ ಹೊತ್ತು ಮಾತಾಡಲಿಲ್ಲ. ಎರಡು ವರ್ಷ ಕೂಡಿಸಿದರೆ ತಪ್ಪು ಕಾಣೆಯಾಗಬಹುದು. ನಡುವೆ ಆ ಅಂಕಿಯನ್ನು ನಂಬಿ ನಡೆದುಕೊಂಡವರ ಪಾಲಿಗೆ ಕಾಣೆಯಾಗುವುದಿಲ್ಲ.

ಇಲ್ಲಿ ಡಚ್ ಕಾನೂನಿನ ಒಂದು ವಿಶೇಷ ಎದುರಾಗುತ್ತದೆ. ಅಂಗೀಕಾರವಾದ ಲೆಕ್ಕಪತ್ರ ಕಂಪನಿಯ ಸ್ಥಿತಿ ತಿಳಿಸುವುದರಲ್ಲಿ 'ಗಂಭೀರವಾಗಿ ಸೋತಿದೆ' ಎಂದು ನಂತರ ತಿಳಿದರೆ ಮುಂದಿನ ವರ್ಷದ ಟಿಪ್ಪಣಿಗೆ ಕಾಯುವಂತಿಲ್ಲ. ಸಿವಿಲ್ ಸಂಹಿತೆಯ ಎರಡನೇ ಪುಸ್ತಕದ 362ನೇ ವಿಧಿಯ 6ನೇ ಉಪವಿಧಿಯಂತೆ ನಿರ್ದೇಶಕರು ತಡಮಾಡದೆ ಷೇರುದಾರರಿಗೆ ತಿಳಿಸಿ, ವಾಣಿಜ್ಯ ನೋಂದಣಿಯಲ್ಲಿ ಪ್ರಕಟಣೆ ಸಲ್ಲಿಸಬೇಕು. ಲೆಕ್ಕ ಪರಿಶೋಧನೆಗೆ ಒಳಪಟ್ಟಿದ್ದರೆ ಜೊತೆಗೆ ಪರಿಶೋಧಕನ ಹೇಳಿಕೆ ಬೇಕು. 'ಗಂಭೀರ' ಎಂದರೆ ಶೇಕಡಾ ಎಷ್ಟು? ಕಾನೂನು ಹೇಳುವುದಿಲ್ಲ. ಅದು ತೀರ್ಪಿನ ವಿಷಯ. ಇರಬೇಕಾದ 6ರ ಜಾಗದಲ್ಲಿ 9 ಇತ್ತು, ಆ 9ರ ಮೇಲೆ ಪಾಲು ಕೈಬದಲಾಗಿತ್ತು. ಗಂಭೀರವೆಂದೇ ನಮಗೆ ಕಂಡಿತು, ಕೊನೆಗೆ ಅವರಿಗೂ. ಪ್ರಕಟಣೆ ಹೋಯಿತು.

2023ರ ಲೆಕ್ಕಕ್ಕೆ ನಾವು ಸ್ವಚ್ಛ ವರದಿಯನ್ನೇ ಕೊಟ್ಟೆವು. ತಿದ್ದಲು ನಿರಾಕರಿಸಿದ್ದರೆ ಈ ವರ್ಷದ ಲಾಭವೂ ಹಿಂದಿನ ಕಾಲಮ್ಮೂ ಸುಳ್ಳಾಗಿ, ಷರತ್ತಿನ ಅಥವಾ ಪ್ರತಿಕೂಲ ವರದಿ ಅನಿವಾರ್ಯವಾಗುತ್ತಿತ್ತು. ತಿದ್ದಿ ಹೇಳಿದ್ದರಿಂದ ವರದಿಯಲ್ಲಿ ಒಂದು ಪ್ಯಾರಾ ಮಾತ್ರ ಸೇರಿತು: ಇಂಥ ಟಿಪ್ಪಣಿಯತ್ತ ಗಮನ ಸೆಳೆಯುತ್ತೇವೆ, ನಮ್ಮ ಅಭಿಪ್ರಾಯ ಇದರಿಂದ ಬದಲಾಗಿಲ್ಲ ಎಂದು. ಹಿಂದಿನ ವರ್ಷವನ್ನು ಬೇರೆ ಪರಿಶೋಧಕರು ನೋಡಿದ್ದರೆಂಬುದನ್ನೂ ಬರೆದೆವು. ಪಾಲಿನ ಹಣದ ಮಾತು ವಕೀಲರ ಬಳಿಗೆ ಹೋಯಿತು. ಅದು ನಮ್ಮ ಕೆಲಸವಲ್ಲ.

ಟಿಪ್ಪಣಿಯ ಅಂತಿಮ ರೂಪ ಅರ್ಧ ಪುಟ. ಖರೀದಿ ಬಿಲ್ಲುಗಳನ್ನು ತಪ್ಪು ವರ್ಷಕ್ಕೆ ಬರೆಯಲಾಗಿತ್ತು ಎಂಬ ನೇರ ಮಾತು. ಅದರ ಕೆಳಗೆ ಪಟ್ಟಿ: ಖರೀದಿ ವೆಚ್ಚ, ಲಾಭ, ಸಾಲಗಾರರಿಗೆ ಬಾಕಿ, ಸಂಚಿತ ಲಾಭ, ಪ್ರತಿಯೊಂದಕ್ಕೂ ಹಿಂದೆ ತೋರಿಸಿದ ಅಂಕಿ, ತಿದ್ದುಪಡಿ, ಈಗಿನ ಅಂಕಿ. ಮುಖ್ಯ ಪುಟದಲ್ಲಿ 2022 ಎಂಬ ಕಾಲಮ್ಮಿನ ತಲೆಯ ಮೇಲೆ 'ತಿದ್ದಿದ್ದು' ಎಂಬ ಅರ್ಥದ ಒಂದು ಡಚ್ ಪದ. ಹಳೆಯ 9 ಲಕ್ಷ ಅಳಿದಿಲ್ಲ, ಟಿಪ್ಪಣಿಯಲ್ಲಿ ಓದಲು ಸಿಗುತ್ತದೆ, ಗುಮಾಸ್ತ ಎಳೆದ ಒಂದೇ ಗೆರೆಯ ಕೆಳಗೆ ಸಿಗುತ್ತಿದ್ದ ಹಾಗೆ.