ಅಕ್ಕಾರ ಈ-ಮೇಲ್, ನನ್ನ ಹೆಡ್‌ಲೈನು

ನಮ್ಮ ತಾಲ್ಲೂಕಿನ ಸುದ್ದಿ ಕಳಿಸೋ ನನ್ನಂಥವನಿಗೆ ಬರುವ ಈ-ಮೇಲ್‌ಗಳಲ್ಲಿ ಹೆಚ್ಚಿನವು ಪ್ರಕಟಣೆ ಕೋರುವವು. ಜಯಂತಿ, ಸನ್ಮಾನ, ಮನವಿ ಸಲ್ಲಿಕೆ ಇಂಥವೇ. ಅವುಗಳ ನಡುವೆ ಹೋದ ವರ್ಷ ದೀಪಾವಳಿ ಆದ ಮೇಲೆ ಒಂದು ಬೇರೆ ತರಹದ ಮೇಲ್ ಬಂತು. ಕಳಿಸಿದವರು ನನ್ನ ಹೈಸ್ಕೂಲ್ ಗೆಳೆಯನ ಅಕ್ಕ. ಕರ್ನಾಟಕದಲ್ಲೇ ಎಂ.ಬಿ.ಬಿ.ಎಸ್., ಎಂ.ಡಿ. ಮುಗಿಸಿ ಇಂಗ್ಲೆಂಡಿಗೆ ಹೋದವರು. ಅಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯ ಒಂದು ಆಸ್ಪತ್ರೆಯಲ್ಲಿ 11 ವರ್ಷ ಕೆಲಸ ಮಾಡಿದ್ದರು. ಹೆಸರು ಇಲ್ಲಿ ಬರೆಯೋದಿಲ್ಲ. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತೆ.

ಮೇಲ್ ಸುಮಾರು ಮೂವತ್ತು ಜನರಿಗೆ ಒಟ್ಟಿಗೆ ಹೋಗಿತ್ತು. ಹಳೇ ಗೆಳತಿಯರು, ಕಲಿಸಿದ ಮೇಷ್ಟ್ರು, ಬಂಧುಗಳು, ಕೊನೆಗೆ ನಾನು. ಅವರ ಅನುಮತಿ ಕೇಳಿ ಒಂದಷ್ಟು ಭಾಗ ಇಲ್ಲಿ ಹಾಕುತ್ತಿದ್ದೇನೆ:

"ನಾನು ರಜೆಗೆ ಬಂದಿಲ್ಲ, ಪೂರ್ತಿ ವಾಪಸ್ ಬಂದಿದ್ದೇನೆ. ಯಾಕೆ ಅಂತ ಎಲ್ಲರೂ ಕೇಳುತ್ತಾರೆ, ಒಮ್ಮೆಗೇ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ರಾತ್ರಿ ಹತ್ತಕ್ಕೆ ಅಪ್ಪನ ಬಲಗೈ ಸ್ವಾಧೀನ ತಪ್ಪಿತು, ಮಾತು ತೊದಲಿತು. ಅಲ್ಲಿ ನಾನು ಡ್ಯೂಟಿಯಲ್ಲಿದ್ದೆ, ಫೋನ್ ಲಾಕರ್‌ನಲ್ಲಿತ್ತು. ಮನೆಯವರು ಗಾಳಿ ಬಡಿದಿರಬೇಕು, ಬೆಳಿಗ್ಗೆ ನೋಡೋಣ ಅಂತ ಮಲಗಿಸಿದರು. ದಾವಣಗೆರೆ ಮುಟ್ಟುವಷ್ಟರಲ್ಲಿ ಹನ್ನೆರಡು ತಾಸು ಆಗಿತ್ತು. ಅದೇ ತಿಂಗಳು ಅದೇ ಥರದ ಇಬ್ಬರು ಅಲ್ಲಿ ನನ್ನ ವಾರ್ಡಿನಿಂದ ನಡೆದು ಮನೆಗೆ ಹೋದರು.

ಜನವರಿಯಿಂದ ಊರ ಬಸ್‌ಸ್ಟ್ಯಾಂಡ್ ಹಿಂದಿನ ನಮ್ಮ ಹಳೇ ಅಂಗಡಿಯಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಒಂದರವರೆಗೆ ಸಿಗುತ್ತೇನೆ. ಸಕ್ಕರೆ ಕಾಯಿಲೆ, ಬಿ.ಪಿ., ಥೈರಾಯ್ಡ್ ಇಂಥವು ನನ್ನ ಕೆಲಸ. ಹೆರಿಗೆ, ಮಕ್ಕಳ ಜ್ವರ, ಆಪರೇಷನ್ ನನ್ನ ಕೆಲಸ ಅಲ್ಲ. ಬರುವಾಗ ತಿನ್ನುತ್ತಿರುವ ಗುಳಿಗೆಗಳ ಖಾಲಿ ಸ್ಟ್ರಿಪ್ಪಾದರೂ ತನ್ನಿ, 'ಬಿಳೀ ಗುಳಿಗೆ' ಅಂದರೆ ನನಗೆ ಗೊತ್ತಾಗುವುದಿಲ್ಲ. ಎದೆನೋವು ಬಂದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ ನನ್ನ ಹತ್ತಿರ ಬರಬೇಡಿ, 108ಕ್ಕೆ ಫೋನ್ ಮಾಡಿ. ನನ್ನ ಅಂಗಡಿಯಲ್ಲಿ ಸ್ಕ್ಯಾನಿಂಗ್ ಮಷೀನ್ ಇಲ್ಲ. ಜನವರಿಗಿಂತ ಮೊದಲು ಯಾರನ್ನೂ ಕಳಿಸಬೇಡಿ, ಇನ್ನೂ ಕಾಗದಪತ್ರ ಆಗಿಲ್ಲ."

ಓದಿದವನೇ ನಾನು ಮಾಡಿದ್ದೇನು? ಸುದ್ದಿ ಬರೆದೆ. 'ಲಂಡನ್ ತೊರೆದು ಹಳ್ಳಿಗೆ ಬಂದ ವೈದ್ಯೆ' ಅಂತ ಹೆಡ್‌ಲೈನು. ಕೋಟು ಹಾಕಿದ್ದ ಫೋಟೊ ಅವರ ತಮ್ಮನ ಸ್ಟೇಟಸ್‌ನಿಂದ ತೆಗೆದೆ. 'ಇನ್ನು ದಾವಣಗೆರೆ, ಹುಬ್ಬಳ್ಳಿಗೆ ಅಲೆಯಬೇಕಿಲ್ಲ' ಅನ್ನೋ ಸಾಲನ್ನೂ ಸೇರಿಸಿದೆ. ಮೇಲ್‌ನಲ್ಲಿ ಅವರು ಹೇಳಿದ್ದು ಇದರ ಉಲ್ಟಾ. ಪತ್ರಿಕೆ ಮೂರು ಕಾಲಂ ಹಾಕಿತು. ಖರೇ ಹೇಳ್ತೀನಿ, ಅವತ್ತು ನನಗೆ ಹೆಮ್ಮೆ ಅನ್ನಿಸಿತ್ತು.

ಮಧ್ಯಾಹ್ನ ಫೋನ್ ಬಂತು.

"ತಮ್ಮಾ, ನಾ ಲಂಡನ್‌ನಾಗ ಒಂದ್ ದಿನಾನೂ ಕೆಲಸಾ ಮಾಡಿಲ್ಲ."

"ಅಕ್ಕಾರ, ಓದೋರಿಗೆ ತಿಳೀಲಿ ಅಂತ..."

"ಅದು ಇರ್ಲಿ. ಬೆಳಗಿಂದ ಹದಿನಾಲ್ಕು ಮಂದಿ ಮನಿ ಬಾಗಲಾಗ ಕುಂತಾರ. ಅವರನ್ನ ನೋಡಿದ್ರ ನಂದು ತಪ್ಪು, ನೋಡ್ಲಿಲ್ಲಂದ್ರ ಸೊಕ್ಕು. ಏನ್ ಮಾಡ್ಲಿ ಹೇಳು?"

ಸಂಜೆ ಅವರ ಮನೆಗೆ ಹೋದೆ. ಬೈಗುಳ ಕೇಳೋಕೆ ತಯಾರಾಗಿ ಹೋಗಿದ್ದೆ, ಚಹಾ ಕೊಟ್ಟು ಕಾಗದದ ಫೈಲು ತೋರಿಸಿದರು. ಡಾಕ್ಟರಾದವರು ಸೀದಾ ಬಂದು ಬಾಗಿಲು ತೆಗೆದು ಕೂತರಾಯಿತು ಅಂತ ನಾನು ತಿಳಿದಿದ್ದೆ. ಹಾಗಲ್ಲ. ಮೊದಲು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಚಾಲ್ತಿಯಲ್ಲಿರಬೇಕು. ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು, ಪರದೇಶದಲ್ಲಿದ್ದಾಗ ಅವರದು ಬಿಟ್ಟುಹೋಗಿತ್ತು. ಅದು ಆದ ಮೇಲೆ ಅಂಗಡಿಗೆ, ಅಂದರೆ ಕ್ಲಿನಿಕ್ಕಿಗೆ, ಬೇರೆ ನೋಂದಣಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ಮಟ್ಟದ ಪ್ರಾಧಿಕಾರ ಅದನ್ನು ಕೊಡುತ್ತದೆ. ಬಳಸಿದ ಸೂಜಿ, ಹತ್ತಿ ಒಯ್ಯುವ ಸಂಸ್ಥೆಯ ಜೊತೆ ಒಪ್ಪಂದದ ಕಾಗದವೂ ಬೇಕು. ಇವೆಲ್ಲ ಕೈಗೆ ಬರುವ ಮೊದಲೇ ಪೇಷಂಟ್ ನೋಡಿದರೆ, ಇಂಗ್ಲೆಂಡಿಂದ ಬಂದವರಿಗೂ ಯಾವ ಓದೂ ಇಲ್ಲದೆ ಇಂಜೆಕ್ಷನ್ ಚುಚ್ಚುವವರಿಗೂ ಕಾಗದದ ಮಟ್ಟಿಗೆ ಏನು ಫರಕು? ಅವರೇ ಕೇಳಿದ ಪ್ರಶ್ನೆ ಇದು.

ಆಮೇಲೆ ಇನ್ನೊಂದು ಕಾಗದ ತೆಗೆದರು. ಅದು ವೈದ್ಯರ ನಡತೆಗೆ ಸಂಬಂಧಿಸಿದ 2002ರ ನಿಯಮಾವಳಿ. ಡಿಪ್ಲೊಮಾದಲ್ಲಿ ನನಗೆ ಯಾರೂ ಇದನ್ನು ಹೇಳಿರಲಿಲ್ಲ, ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತೇನೆ. ಡಾಕ್ಟರು ಪೇಷಂಟ್‌ಗಳನ್ನು ಸೆಳೆಯಲು ಜಾಹೀರಾತು ಮಾಡಿಕೊಳ್ಳುವಂತಿಲ್ಲ. ತಾವಾಗಿ ಹಾಕಿಸಿದರೂ ಅಷ್ಟೇ, ಬೇರೆಯವರಿಂದ ಹೊಗಳಿಸಿಕೊಂಡರೂ ಅಷ್ಟೇ. ಆದರೆ ಪತ್ರಿಕೆಯಲ್ಲಿ ಸಾದಾ ಪ್ರಕಟಣೆ ಕೊಡಬಹುದು. ಪ್ರಾಕ್ಟೀಸ್ ಶುರು ಮಾಡಿದಾಗ, ವಿಳಾಸ ಬದಲಾದಾಗ, ಕೆಲವು ದಿನ ಇರುವುದಿಲ್ಲ ಅಂದಾಗ, ಫೀಸು ಎಷ್ಟು ಅಂತ ತಿಳಿಸುವಾಗ, ಹೀಗೆ ಕೆಲವೇ ಸಂದರ್ಭಕ್ಕೆ ಅವಕಾಶ ಇದೆ. ಬೋರ್ಡು ತೀರಾ ದೊಡ್ಡದಿರಬಾರದು, ಅದರ ಮೇಲೆ ಫೋಟೊ ಕೂಡದು. ಹೆಸರು, ಪದವಿ, ಯಾವ ವಿಭಾಗ, ನೋಂದಣಿ ಸಂಖ್ಯೆ, ಅಷ್ಟು ಸಾಕು. ನೋಂದಣಿ ಸಂಖ್ಯೆ ಔಷಧ ಚೀಟಿಯ ಮೇಲೂ ಇರಬೇಕು. ಆ ಸಂಖ್ಯೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನ ವೈದ್ಯರ ಪಟ್ಟಿಯಲ್ಲಿ ಹಾಕಿದರೆ ಡಾಕ್ಟರ ಹೆಸರು, ಪದವಿ ಬರುತ್ತದೆ. ನಮ್ಮ ಫೋನಿನಲ್ಲೇ ನೋಡಬಹುದು, ದುಡ್ಡು ಬೇಕಿಲ್ಲ.

ನಾನು ಮಾಡಿದ ಸುದ್ದಿ ಅವರ ಹೆಸರಿಗೇ ಕಪ್ಪು ಹಚ್ಚುವಂಥದ್ದು ಅಂತ ಆಗ ತಲೆಗೆ ಹತ್ತಿತು. ತಿದ್ದುಪಡಿ ಹಾಕಿ ಅಂತ ಡೆಸ್ಕಿಗೆ ಫೋನ್ ಮಾಡಿದೆ. 'ಒಳ್ಳೇ ಸುದ್ದಿಗೆ ಯಾರಪ್ಪಾ ತಿದ್ದುಪಡಿ ಕೇಳ್ತಾರೆ?' ಅಂದರು. ಕೊನೆಗೆ ಜನವರಿಯಲ್ಲಿ ಅಕ್ಕಾರೇ ದುಡ್ಡು ಕಟ್ಟಿ ಆರು ಸಾಲಿನ ವರ್ಗೀಕೃತ ಪ್ರಕಟಣೆ ಕೊಟ್ಟರು. ಅದರ ಕಮಿಷನ್ ನನಗೇ ಬಂತು. ಅದನ್ನು ತೆಗೆದುಕೊಂಡೆ ಅನ್ನೋದನ್ನೂ ಹೇಳಿಬಿಡಬೇಕು, ಮನೆ ಬಾಡಿಗೆ ಕಟ್ಟೋದಿತ್ತು.

ಈಗ ಕ್ಲಿನಿಕ್ ನಡೆಯುತ್ತಿದೆ. ಮೊದಲ ದಿನ ಅರ್ಧ ಊರೇ ಬಂದಿತ್ತು, ಎರಡನೇ ವಾರಕ್ಕೆ ಕಮ್ಮಿ ಆಯಿತು. ಇಂಜೆಕ್ಷನ್ ಕೊಡೋದಿಲ್ಲ, ಗ್ಲೂಕೋಸ್ ಏರಿಸೋದಿಲ್ಲ, ಬರೇ ಪ್ರಶ್ನೆ ಕೇಳ್ತಾರ, ಇವರೆಂಥಾ ಫಾರಿನ್ ಡಾಕ್ಟ್ರು ಅಂತ ಕಟ್ಟೆ ಮೇಲೆ ಮಾತು. ನನ್ನ ಸುದ್ದಿ ಓದಿ ಬಂದವರ ನಿರಾಸೆ ಅದು, ಅದರಲ್ಲಿ ನನ್ನ ಪಾಲೂ ಇದೆ.

ಫೆಬ್ರವರಿಯ ಒಂದು ಬುಧವಾರ ನಮ್ಮ ಓಣಿಯ ಗೌಡ್ರ ಕಾಕಾ ಬೆಳಿಗ್ಗೆ ಎಂಟಕ್ಕೆ ಚಹಾ ಕಪ್ಪು ಕೈಬಿಟ್ಟರು. ಬಾಯಿ ಒಂದು ಕಡೆ ಎಳೆದಿತ್ತು. ಅಕ್ಕಾರ ಹತ್ರ ಕರ್ಕೊಂಡು ಹೋಗೋಣ ಅಂತ ಅವರ ಮಗ ಬೈಕ್ ತೆಗೆದ. ಆ ಮೇಲ್ ಓದಿದ್ದ ನಾನು ಬೇಡ ಅಂದು 108ಕ್ಕೆ ಫೋನ್ ಮಾಡಿದೆ. ಆಮೇಲೆ ಅಕ್ಕಾರಿಗೂ ಮಾಡಿದೆ. ಅವರು ಕೇಳಿದ್ದು ಒಂದೇ: "ಚಲೋ ಇದ್ದದ್ದು ಕಡೀಗೆ ಎಷ್ಟು ಗಂಟೆಗೆ ನೋಡೀರಿ?" ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ತಾಸಿನೊಳಗೆ ಬೀಳಬೇಕಂತೆ. ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು, ಯಾಕಂದರೆ ಒಳಗೆ ರಕ್ತಸ್ರಾವ ಆಗಿದ್ದರೆ ಅದೇ ಇಂಜೆಕ್ಷನ್ ಜೀವ ತೆಗೆಯುತ್ತದೆ. ಎಲ್ಲರಿಗೂ ಅದನ್ನು ಕೊಡಲು ಬರುವುದಿಲ್ಲ. ಸಮಯವನ್ನು ಒಂದು ಚೀಟಿಯಲ್ಲಿ ಬರೆದು ಕಾಕಾನ ಅಂಗಿ ಜೇಬಿಗೆ ಹಾಕಿ ಅಂದರು. '7.45' ಅಂತ ಬರೆದು ಹಾಕಿದೆ.

ಹನ್ನೊಂದರೊಳಗೆ ಸ್ಕ್ಯಾನ್ ಮುಗಿದು ಇಂಜೆಕ್ಷನ್ ಶುರುವಾಯಿತು. ಕಾಕಾ ಈಗ ಕೋಲು ಹಿಡಿದು ಗುಡಿವರೆಗೆ ಹೋಗುತ್ತಾರೆ, ಮಾತು ಇನ್ನೂ ಸ್ವಲ್ಪ ತಡೀತದೆ. ಇದನ್ನು ಸುದ್ದಿ ಮಾಡ್ಲಾ ಅಂತ ಅಕ್ಕಾರನ್ನು ಕೇಳಿದೆ.

"ಮಾಡು. 108 ಅಂತ ದೊಡ್ಡದಾಗಿ ಬರಿ, ನನ್ನ ಹೆಸರು ಬ್ಯಾಡ," ಅಂದರು.