ಪಿಂಚಣಿ ಅನ್ನೋ ಹೆಸ್ರೂ, ಪಾಸ್‌ಬುಕ್ಕಿನ ದುಡ್ಡೂ

ಸರ್ಕಾರಿ ನೌಕ್ರಿಲಿ ಇರೋರ್ಗೆ ಅರವತ್ತಾದ ಮೇಲೆ ಏನು ಅನ್ನೋದಕ್ಕೆ ಇಲಾಖೆನೇ ಒಂದು ಉತ್ತರ ಬರ್ದು ಮಡಗಿರ್ತದೆ. ಅಂಗಡಿಯೋರ್ಗೆ ಅದನ್ನ ಬರ್ಕೊಡೋರು ಯಾರೂ ಇಲ್ಲ, ನಾವೇ ಬರ್ಕೋಬೇಕು. ನಂಜನಗೂಡಲ್ಲಿ ನಮ್ದೊಂದು ಬಳೆ, ಫ್ಯಾನ್ಸಿ ಸಾಮಾನಿನ ಅಂಗಡಿ. ನಮ್ಮನೆಯವ್ರೂ ನಾನೂ ಸೇರಿ ನಡೆಸ್ತೀವಿ. ನಂಗೀಗ ನಲವತ್ತೈದು. ಮಗ ಓದ್ತಾ ಅವ್ನೆ, ಅಂಗಡಿ ಕಡೆ ತಿರುಗಿ ನೋಡೋನಲ್ಲ. ಅರವತ್ತಕ್ಕೆ ಬಾಗ್ಲು ಹಾಕೋದು ಅಂತ ಗಟ್ಟಿ ಮಾಡ್ಕೊಂಡಿದ್ದೀವಿ. ತಿಂಗಳಿಗೆ 5,000 ಅದಕ್ಕೇಂತ ಎತ್ತಿ ಮಡಗಬೋದು. ಅದು ಪಿಪಿಎಫ್‌ಗೆ ಹೋಗಬೇಕಾ ಎನ್‌ಪಿಎಸ್‌ಗೆ ಹೋಗಬೇಕಾ ಅನ್ನೋದೇ ಈ ಎರಡು ತಿಂಗಳ ಚರ್ಚೆ.

ಪಿಪಿಎಫ್ ಅಂದ್ರೆ ಸಾರ್ವಜನಿಕ ಭವಿಷ್ಯ ನಿಧಿ. ಪೋಸ್ಟಾಫೀಸಲ್ಲೋ ಬ್ಯಾಂಕಲ್ಲೋ ಖಾತೆ ತೆಗೀಬೇಕು. ವರ್ಷಕ್ಕೆ ಕಮ್ಮಿ ಅಂದ್ರೆ 500, ಹೆಚ್ಚು ಅಂದ್ರೆ ಒಂದೂವರೆ ಲಕ್ಷ. ಬಡ್ಡಿ ಸರ್ಕಾರ ಗೊತ್ತುಮಾಡ್ತದೆ, 2020ರ ಏಪ್ರಿಲಿಂದ ನೂರಕ್ಕೆ 7.1ರಂತೆ ಬತ್ತಾ ಅದೆ. ಎನ್‌ಪಿಎಸ್ ಅಂದ್ರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. 2009ರ ಮೇ ತಿಂಗಳಿಂದ ನಮ್ಮಂಥೋರೂ ಸೇರಬೋದು. ದುಡ್ಡು ಷೇರಿಗೂ ಸಾಲಪತ್ರಕ್ಕೂ ಹೋಯ್ತದೆ, ಇಷ್ಟೇ ಬತ್ತದೆ ಅಂತ ಯಾರೂ ಬರ್ಕೊಡಲ್ಲ.

ಅಂಗಡಿಗೆ ಬರೋ ಪರಿಚಯದ ಏಜೆಂಟು ಒಬ್ರು ಮೊದ್ಲು ಹೇಳಿದ್ದು ತೆರಿಗೆ ವಿಚಾರ. "ಅಕ್ಕಾ, ಎನ್‌ಪಿಎಸ್‌ಗೆ ಹಾಕಿದ್ರೆ ಐವತ್ತು ಸಾವಿರದವರ್ಗೂ ಹೆಚ್ಚಿನ ರಿಯಾಯ್ತಿ ಅದೆ" ಅಂದ್ರು. ಮಾತು ಸುಳ್ಳಲ್ಲ, ಆದ್ರೆ ಅದು ಹಳೇ ತೆರಿಗೆ ಪದ್ಧತಿಲಿ ಇರೋರ್ಗೆ ಮಾತ್ರ. ನಮ್ಮ ವಹಿವಾಟು ವರ್ಷಕ್ಕೆ 40 ಲಕ್ಷ ಅಂತಿಟ್ಕೊಳ್ಳಿ. ಸಣ್ಣ ವ್ಯಾಪಾರಿಗಳ ಅಂದಾಜು ಲೆಕ್ಕದಲ್ಲಿ ನೂರಕ್ಕೆ 8 ಲಾಭ ಅಂತ ತೋರ್ಸಿದ್ರೆ 3 ಲಕ್ಷದ 20 ಸಾವಿರ. ಹೊಸ ಪದ್ಧತಿಲಿ ಅದಕ್ಕೆ ತೆರಿಗೆನೇ ಬರಲ್ಲ. ಕಟ್ಟದೇ ಇರೋ ತೆರಿಗೆಲಿ ಉಳಿಸೋದೇನು ಬಂತು? ಹಂಗಾಗಿ ಆ ಮಾತನ್ನ ಪಕ್ಕಕ್ಕೆ ಮಡಗಿ, ನಡುವೆ ಕೈ ಹಾಕಬೇಕಾದ್ರೆ ಎಷ್ಟು ಸಿಗ್ತದೆ, ಅರವತ್ತಾದ ಮೇಲೆ ತಿಂಗಳಿಗೆ ಎಷ್ಟು ಬತ್ತದೆ, ಇವೆರಡನ್ನೇ ನೋಡೋಣ ಅಂದ್ಕೊಂಡೆ.

ನಮ್ಮಣ್ಣನ್ದು ಟಿ. ನರಸೀಪುರದಲ್ಲಿ ದಿನಸಿ ಅಂಗಡಿ. ಅವ್ನು 2008ರ ಜುಲೈನಲ್ಲಿ ಪಿಪಿಎಫ್ ತೆಗ್ದಿದ್ದ. ಹದಿನೈದು ವರ್ಷ ಅಂದ್ರೆ 2023ರ ಜುಲೈಗೆ ದುಡ್ಡು ಕೈಗೆ ಬತ್ತದೆ ಅಂತ ಲೆಕ್ಕ ಹಾಕ್ಕೊಂಡು, ಶ್ರಾವಣಕ್ಕೆ ಮಗಳ ಮದುವೆ ಗೊತ್ತುಮಾಡ್ಬುಟ್ಟ. ಹೋಗಿ ಕೇಳಿದ್ರೆ 2024ರ ಏಪ್ರಿಲ್ ಒಂದಕ್ಕೆ ಅಂದ್ರು. ಖಾತೆ ತೆಗೆದ ವರ್ಷನ ಬಿಟ್ಟು, ಆ ಮಾರ್ಚ್ ಕೊನೆಯಿಂದ ಹದಿನೈದು ವರ್ಷ ಎಣಿಸ್ತಾರೆ. ಮದುವೆಗೆ ಸಿಕ್ಕಿದ್ದು ನಾಲ್ಕು ವರ್ಷ ಹಿಂದೆ ಖಾತೆಲಿದ್ದ ಮೊತ್ತದ ಅರ್ಧ. ಮಿಕ್ಕಿದ್ದಕ್ಕೆ ಚೀಟಿ ಎತ್ತಿದ. "ದುಡ್ಡು ನಂದೇ ಕನವ್ವ, ಆದ್ರೆ ತಾರೀಕು ಅವರ್ದು" ಅಂತ ಈಗ್ಲೂ ಅಂತಾನೆ.

ಅವನಿಂದ ಎರಡು ವಿಷಯ ತಿಳೀತು. ಒಂದು, ಖಾತೆ ತೆಗಿಯೋ ತಿಂಗಳು. ಏಪ್ರಿಲಲ್ಲಿ ತೆಗೆದ್ರೆ ಹದಿನೈದು ವರ್ಷ ಅನ್ನೋದು ಹತ್ತತ್ರ ಹದಿನಾರಾಯ್ತದೆ, ಮಾರ್ಚಲ್ಲಿ ತೆಗೆದ್ರೆ ಸರಿಯಾಗಿ ಹದಿನೈದೇ. ಅದಕ್ಕೆ 2026ರ ಮಾರ್ಚ್ 31ರ ಒಳಗೆ ಬರೀ 500 ಕಟ್ಟಿ ಖಾತೆ ತೆಗ್ದು, ಏಪ್ರಿಲಿಂದ ತಿಂಗಳ ಕಂತು ಶುರು ಮಾಡೋದು ಅಂತ ನಮ್ಮ ಲೆಕ್ಕ. ಆಗ 2041ರ ಏಪ್ರಿಲ್ ಒಂದಕ್ಕೆ ಬಿಡುಗಡೆ, ನಂಗೂ ಅರವತ್ತು. ನಂಜನಗೂಡಿನೋರ್ಗೆ ಇನ್ನೊಂದು ಅನುಕೂಲ, ದೊಡ್ಡ ಜಾತ್ರೆ ಬರೋದು ಮಾರ್ಚ್-ಏಪ್ರಿಲಲ್ಲೇ. ವರ್ಷದಲ್ಲಿ ಗಲ್ಲಾಪೆಟ್ಟಿಗೆ ತುಂಬೋ ಕಾಲ ಅದು. ಕಂತು ಬಾಕಿ ಬಿದ್ದಿದ್ರೆ ಆಗ ತುಂಬಿಸ್ಕೋಬೋದು.

ಎರಡನೇದು, ನಡುವೆ ತೆಗೆಯೋ ಲೆಕ್ಕ. ಪಿಪಿಎಫ್ ಅಂದ್ರೆ ಬೇಕಾದಾಗ ಅರ್ಧ ತೆಗೀಬೋದು ಅಂತ ಬಾಳ ಜನ ತಿಳ್ಕೊಂಡವ್ರೆ. ತಿಂಗಳಿಗೆ 5,000ದಂಗೆ ಕಟ್ಟಿದ್ರೆ 2031ರ ಮಾರ್ಚ್ ಹೊತ್ತಿಗೆ ಪಾಸ್‌ಬುಕ್ಕಲ್ಲಿ ಸುಮಾರು 3 ಲಕ್ಷದ 60 ಸಾವಿರ ಇರ್ತದೆ. ಅದರ ಮುಂದಿನ ತಿಂಗಳಿಂದ ತೆಗೆಯೋಕೆ ಅವಕಾಶ. ಆದ್ರೆ ಅರ್ಧ ಅಂದ್ರೆ ಆಗಿರೋ ಮೊತ್ತದ ಅರ್ಧ ಅಲ್ಲ. ಹಿಂದಿನ ನಾಲ್ಕನೇ ವರ್ಷದ ಕೊನೇಲಿ ಏನಿತ್ತೋ ಅದರ ಅರ್ಧ, ಇಲ್ಲಾ ಹಿಂದಿನ ವರ್ಷದ ಕೊನೇಲಿ ಇದ್ದದ್ದರ ಅರ್ಧ, ಯಾವ್ದು ಕಮ್ಮಿನೋ ಅದು. ನಮ್ಮ ಲೆಕ್ಕದಲ್ಲಿ ಅದು 2028ರ ಮಾರ್ಚಿನ ಮೊತ್ತ, ಸುಮಾರು 1 ಲಕ್ಷದ 30 ಸಾವಿರ. ಅದರ ಅರ್ಧ ಅರವತ್ತೈದು ಸಾವಿರ. ಅದೇ ಹೊತ್ತಿಗೆ ಎನ್‌ಪಿಎಸ್‌ನಲ್ಲಿ ನಾನು ಕಟ್ಟಿರೋ ಅಸಲು ಮೂರು ಲಕ್ಷ, ಅದರ ಕಾಲು ಭಾಗ ಎಪ್ಪತ್ತೈದು ಸಾವಿರ ತೆಗೀಬೋದು, ಅದೂ ಮಕ್ಕಳ ಓದು, ಮದುವೆ, ಮನೆ, ದೊಡ್ಡ ಕಾಯಿಲೆ ಅಂತ ಗೊತ್ತುಮಾಡಿರೋ ಕಾರಣಕ್ಕೆ. ಪಿಪಿಎಫ್‌ನೋರು ಕಾರಣ ಕೇಳಲ್ಲ. ಮೊತ್ತ ನೋಡಿದ್ರೆ ಎರಡೂ ಒಂದೇ ತೂಕ. ಹಂಗಾಗಿ ಒಂದು ಸಲೀಸು ಇನ್ನೊಂದು ಬಿಗಿ ಅಂತ ಆರಿಸೋಕೆ ಬರಲ್ಲ.

ಅಂಗಡಿಯೋರ್ಗೆ ಪಿಪಿಎಫ್‌ನಲ್ಲಿ ಇನ್ನೊಂದು ಬಲ ಅದೆ. ವ್ಯಾಪಾರ ಕೆಟ್ಟು ಸಾಲ ಕೊಟ್ಟೋರು ಕೋರ್ಟಿಗೆ ಹೋದ್ರೂ, ಡಿಕ್ರಿ ತಂದು ಆ ಖಾತೆನ ಜಪ್ತಿ ಮಾಡ್ಸೋಕೆ ಆಗಲ್ಲ, ಕಾನೂನೇ ತಡೀತದೆ. ಹೋಲ್‌ಸೇಲ್‌ನೋರ ಹತ್ರ ಉದ್ರಿ ತರೋ ನಮ್ಮಂಥೋರ್ಗೆ ಇದು ಸಣ್ಣ ಮಾತಲ್ಲ.

ಇನ್ನು ಅರವತ್ತಾದ ಮೇಲಿನ ಲೆಕ್ಕ. ಬಡ್ಡಿ 7.1ರಲ್ಲೇ ನಿಂತ್ರೆ ಹದಿನೈದು ವರ್ಷಕ್ಕೆ ಪಿಪಿಎಫ್‌ನಲ್ಲಿ ಸುಮಾರು 15 ಲಕ್ಷದ 78 ಸಾವಿರ. ಎನ್‌ಪಿಎಸ್ ವರ್ಷಕ್ಕೆ ನೂರಕ್ಕೆ 9ರಂತೆ ಬೆಳೆದ್ರೆ ಹದಿನೆಂಟೂವರೆ ಲಕ್ಷ, ಮಾರ್ಕೆಟ್ಟು ಸರಿಯಿಲ್ದೆ 6ರಂತೆ ಬೆಳೆದ್ರೆ 14 ಲಕ್ಷದ 40 ಸಾವಿರ.

ಪಿಂಚಣಿ ಖಾತೆ ಅಂದ ಕೂಡ್ಲೆ ಆ ಹದಿನೆಂಟೂವರೆ ಲಕ್ಷ ಎಲ್ಲಾ ತಿಂಗಳ ತಿಂಗಳ ಪಿಂಚಣಿಯಾಗಿ ಬತ್ತದೆ ಅಂತ ನಮ್ಮನೆಯವ್ರು ಅಂದ್ಕೊಂಡಿದ್ರು. ಹಂಗಿಲ್ಲ. ವಿಮಾ ಕಂಪನಿಗೆ ಒಂದು ಗಂಟು ಕೊಟ್ಟು, ಬದುಕಿರೋವರ್ಗೂ ತಿಂಗಳಿಗಿಷ್ಟು ಅಂತ ಈಸ್ಕೊಳ್ಳೋದಕ್ಕೆ ಆನ್ಯುಟಿ ಅಂತಾರೆ. ನಮ್ಮಂಥ ಖಾಸಗಿ ಖಾತೆದಾರರು ಮೊದ್ಲು ನೂರಕ್ಕೆ 40 ಪಾಲು ಅದಕ್ಕೆ ಕೊಡಬೇಕಾಗಿತ್ತು. 2025ರ ಡಿಸೆಂಬರಲ್ಲಿ ಅದನ್ನ 20ಕ್ಕೆ ಇಳಿಸಿದ್ರು. ಹದಿನೆಂಟೂವರೆ ಲಕ್ಷದಲ್ಲಿ 20 ಪಾಲು ಅಂದ್ರೆ 3 ಲಕ್ಷದ 70 ಸಾವಿರ. ಆನ್ಯುಟಿಲಿ ನೂರಕ್ಕೆ 6ರಂತೆ ಸಿಕ್ತದೆ ಅಂತಿಟ್ಕೊಂಡ್ರೆ ತಿಂಗಳಿಗೆ 1,850. ಮಿಕ್ಕಿದ್ದು ಕೈಗೆ ಗಂಟಾಗಿ ಬತ್ತದೆ, ಅದನ್ನ ಏನು ಮಾಡೋದು ಅಂತ ನಾವೇ ನೋಡ್ಕೋಬೇಕು. ಅಂದ್ರೆ ಪಿಪಿಎಫ್ ದುಡ್ಡು ಬಂದಾಗ ಏನು ಪ್ರಶ್ನೆನೋ ಇಲ್ಲೂ ಅದೇ ಪ್ರಶ್ನೆ.

ಹಂಗಂತ ಪಿಪಿಎಫ್ ಒಂದೇ ಸಾಕು ಅನ್ನೋಕೂ ಬರಲ್ಲ. ಅವಧಿ ಮುಗಿದ ಮೇಲೆ ಹೊಸ ಕಂತು ಕಟ್ಟದೆ ಖಾತೆನ ಹಂಗೇ ಬುಟ್ರೆ ಬಡ್ಡಿ ಬತ್ತಾ ಇರ್ತದೆ, ವರ್ಷಕ್ಕೊಂದು ಸಲ ಬೇಕಾದಷ್ಟು ತೆಗೀಬೋದು. ನಮ್ಮಣ್ಣ ಈಗ ಮಾಡ್ತಾ ಇರೋದು ಅದನ್ನೇ. ಬಡ್ಡಿ ಮಾತ್ರ ತಿಂದ್ರೆ ನಮಗೆ ತಿಂಗಳಿಗೆ 9,300 ಬಿದ್ದಂಗಾಯ್ತದೆ, ಅಸಲು ಹಂಗೇ ಇರ್ತದೆ. ಆದ್ರೆ 9,300 ಸಾಲ್ದು ಅಂತ ತಿಂಗಳಿಗೆ 12,000ದಂಗೆ, ಪ್ರತಿ ಏಪ್ರಿಲಲ್ಲಿ 1 ಲಕ್ಷದ 44 ಸಾವಿರ ತೆಗೀತಾ ಹೋದ್ರೆ ಎಪ್ಪತ್ತೆಂಟು ವಯಸ್ಸಿನ ಹೊತ್ತಿಗೆ ಖಾತೆ ಬರಿದು. ನಮ್ಮಜ್ಜಿ ತೊಂಬತ್ತೊಂದು ಬದುಕಿದ್ರು. ಎಪ್ಪತ್ತೊಂಬತ್ತರಿಂದ ತೊಂಬತ್ತೊಂದರವರ್ಗೂ ಯಾರ ಮುಂದೆ ಕೈ ಚಾಚೋದು? ಆನ್ಯುಟಿ ಕೆಲಸಕ್ಕೆ ಬರೋದು ಇಲ್ಲಿ. ಮೊತ್ತ ಸಣ್ಣದು, ವರ್ಷ ಹೋದಂಗೆ ಏರದೂ ಇಲ್ಲ, ಆದ್ರೆ ಉಸಿರಿರೋವರ್ಗೂ ನಿಲ್ಲಲ್ಲ.

ಇಲ್ಲಿ ಲೆಕ್ಕ ತಾನೇ ಬಿಚ್ಕೊಳ್ತು. 5,000ವನ್ನೂ ಎನ್‌ಪಿಎಸ್‌ಗೆ ಹಾಕಿದ್ರೂ ಕಡ್ಡಾಯವಾಗಿ ಪಿಂಚಣಿ ಆಗೋದು ಐದರಲ್ಲಿ ಒಂದು ಪಾಲು. ಹಂಗಿದ್ಮೇಲೆ ಆ ಒಂದು ಪಾಲನ್ನ ಮಾತ್ರ ಅಲ್ಲಿ ಹಾಕಿದ್ರೆ ಸಾಕಲ್ಲ? ತಿಂಗಳಿಗೆ 1,000 ಎನ್‌ಪಿಎಸ್‌ಗೆ, 4,000 ಪಿಪಿಎಫ್‌ಗೆ. 9ರ ಲೆಕ್ಕದಲ್ಲಿ ಆ 1,000 ಬೆಳೆದು ಅದೇ 3 ಲಕ್ಷದ 70 ಸಾವಿರ ಆಯ್ತದೆ, ಅದೇ 1,850 ಪಿಂಚಣಿ. ಮಿಕ್ಕ 4,000 ಪಿಪಿಎಫ್‌ನಲ್ಲಿ 12 ಲಕ್ಷದ 60 ಸಾವಿರ ಆಗಿ, ಮಾರ್ಕೆಟ್ಟಿನ ಏರಿಳಿತಕ್ಕೂ ಸಾಲಗಾರರಿಗೂ ಸಿಗದಂಗೆ ಕೂತಿರ್ತದೆ.

ಇದರಲ್ಲಿ ಒಂದು ಸಂದು ಅದೆ, ನಾವೇ ಕಾಯಬೇಕು. ಹೊಸ ನಿಯಮದಲ್ಲಿ ಎನ್‌ಪಿಎಸ್ ಮೊತ್ತ ಎಂಟು ಲಕ್ಷದ ಒಳಗಿದ್ರೆ ಆನ್ಯುಟಿ ಕಡ್ಡಾಯವೇ ಇಲ್ಲ, ಅರವತ್ತಕ್ಕೆ ಪೂರ್ತಿ ಕೈಗೆ ತಗೋಬೋದು. ಆ ಹೊತ್ತಿಗೆ ಮಗನೋ ನೆಂಟರೋ ಒಂದು ಅವಸರ ತಂದಿರ್ತಾರೆ. ಕೈಗೆ ಬಂದ್ರೆ ಆ ದುಡ್ಡು ಅಲ್ಲೇ ಕರಗ್ತದೆ, ತೊಂಬತ್ತರ ಅನ್ನಕ್ಕೆ ಏನೂ ಉಳಿಯಲ್ಲ. ಪೂರ್ತಿ ಆನ್ಯುಟಿಗೇ ಅನ್ನೋ ತೀರ್ಮಾನ ಈಗ್ಲೇ ಆಗಬೇಕು, ಮನೇಲಿ ಎಲ್ಲರ್ಗೂ ಗೊತ್ತಿರಬೇಕು. ನಾನು ಖಾತೆ ಪುಸ್ತಕದ ಮೊದಲ ಹಾಳೇಲಿ ಹಿಂಗೆ ಬರ್ದಿದ್ದೀನಿ: "ಎನ್‌ಪಿಎಸ್ ದುಡ್ಡು ಯಾರ ಮದುವೆಗೂ ಅಲ್ಲ, ಯಾರ ಮನೆಗೂ ಅಲ್ಲ." ಕೆಳಗೆ ಇಬ್ಬರೂ ರುಜು ಹಾಕಿದ್ದೀವಿ. ನಮ್ಮನೆಯವ್ರು ಹಾಕುವಾಗ ಒಸಿ ನಕ್ಕರು, ಆದ್ರೂ ಹಾಕಿದ್ರು.